ಮುದ್ದೆ, ನಡುಹಗಲ ಬಿಸಿಲು, ಒಂದಿಷ್ಟು ಭಾರ

ಅಕ್ಟೋಬರ್ 20 ವಿಶ್ವ ಆಸ್ಟಿಯೊಪೊರೋಸಿಸ್ ದಿನ. ಅದರ ಆಸುಪಾಸಿನಲ್ಲಿ ಬಡಾವಣೆಯ ಸಮುದಾಯ ಭವನದಲ್ಲೋ ದೇವಸ್ಥಾನದ ಹಜಾರದಲ್ಲೋ ಮೂಳೆ ತಪಾಸಣೆ ಶಿಬಿರ ನಡೆಯುವುದುಂಟು. ಮೇಜಿನ ಕೆಳಗೆ ಹಿಮ್ಮಡಿ ಇಡಲು ಒಂದು ಪುಟ್ಟ ಯಂತ್ರ, ಅದರ ಮುಂದೆ ಐವತ್ತು ದಾಟಿದ ಹೆಂಗಸರ ಸಾಲು. ಕೆಲವೇ ನಿಮಿಷಗಳಲ್ಲಿ ಕೈಗೊಂದು ಚೀಟಿ ಬರುತ್ತದೆ. ಆಮೇಲೆ ವೈದ್ಯರ ಹದಿನೈದು ನಿಮಿಷದ ಮಾತು: ಕ್ಯಾಲ್ಸಿಯಂ ತಗೊಳ್ಳಿ, ಬಿಸಿಲಿಗೆ ನಿಲ್ಲಿ, ವ್ಯಾಯಾಮ ಮಾಡಿ. ಮೂರೂ ಸರಿಯಾದ ಮಾತೇ. ಆದರೆ ಎಷ್ಟು ಕ್ಯಾಲ್ಸಿಯಂ, ಯಾವ ಹೊತ್ತಿನ ಬಿಸಿಲು, ಎಂಥ ವ್ಯಾಯಾಮ ಎಂಬುದು ಆ ಹದಿನೈದು ನಿಮಿಷದಲ್ಲಿ ಹಿಡಿಯುವುದು ಕಷ್ಟ. ಹಾಗಾಗಿ ಮೂರನ್ನೂ ಶ್ರದ್ಧೆಯಿಂದ ಮಾಡುತ್ತಿರುವವರ ಮೂಳೆಗೂ ಅದರಿಂದ ಸಿಗಬೇಕಾದಷ್ಟು ಸಿಗದೇ ಹೋಗಬಹುದು.

ಆ ಸಾಲಿನಲ್ಲಿ ನಿಂತ ಒಬ್ಬರನ್ನು ಲೆಕ್ಕಕ್ಕೆಂದು ಕಲ್ಪಿಸಿಕೊಳ್ಳೋಣ. ವಯಸ್ಸು ಐವತ್ತೈದು. ತುಮಕೂರಿನ ಕಡೆಯವರು, ಈಗ ಮಗ-ಸೊಸೆಯ ಜೊತೆ ಬೆಂಗಳೂರಿನ ಫ್ಲ್ಯಾಟಿನಲ್ಲಿದ್ದಾರೆ. ಮುಟ್ಟು ನಿಂತು ಎಂಟು ವರ್ಷ. ಭಾರತದಲ್ಲಿ ಸರಾಸರಿ ನಲವತ್ತಾರು-ನಲವತ್ತೇಳಕ್ಕೇ ಮುಟ್ಟು ನಿಲ್ಲುತ್ತದೆ, ಪಾಶ್ಚಾತ್ಯ ದೇಶಗಳಿಗಿಂತ ನಾಲ್ಕೈದು ವರ್ಷ ಮುಂಚೆ. ಬೆಳಿಗ್ಗೆ ಏಳಕ್ಕೆ ಬಾಲ್ಕನಿಯ ಎಳೆಬಿಸಿಲಿನಲ್ಲಿ ಕೂರುತ್ತಾರೆ, ಸಂಜೆ ಪಾರ್ಕಿನಲ್ಲಿ ನಾಲ್ಕು ಸುತ್ತು ನಡೆಯುತ್ತಾರೆ, ಮಗ ತಂದಿಟ್ಟ ಕ್ಯಾಲ್ಸಿಯಂ ಮಾತ್ರೆಯನ್ನು ನೆನಪಾದಾಗ ನುಂಗುತ್ತಾರೆ. ಶಿಬಿರಕ್ಕೆ ಬಂದದ್ದು ಮಂಡಿನೋವಿಗೆ.

ಮಂಡಿನೋವು ಬೇರೆ ಕಾಯಿಲೆ. ಅಲ್ಲಿ ಸವೆಯುವುದು ಕೀಲಿನೊಳಗಿನ ಮೃದ್ವಸ್ಥಿ. ಮೂಳೆ ಒಳಗೊಳಗೇ ಟೊಳ್ಳಾಗುವುದಕ್ಕೆ ನೋವಿಲ್ಲ, ಮುರಿಯುವವರೆಗೂ ಸುಳಿವಿಲ್ಲ. ಹಿಮ್ಮಡಿಯ ಯಂತ್ರ ಶಬ್ದತರಂಗ ಹಾಯಿಸಿ ಒಂದು ಅಂದಾಜು ಕೊಡುತ್ತದೆ, ಅಷ್ಟೇ. ಕಾಯಿಲೆ ಇದೆಯೋ ಇಲ್ಲವೋ ಎಂದು ತೀರ್ಮಾನಿಸಲು ಸೊಂಟ ಮತ್ತು ಬೆನ್ನುಮೂಳೆಯ ಡೆಕ್ಸಾ ಸ್ಕ್ಯಾನ್ ಬೇಕು. ಅದರಲ್ಲಿ ಟಿ-ಸ್ಕೋರ್ ಎಂಬ ಅಂಕಿ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್. ಶಿಬಿರದ ಚೀಟಿಯಲ್ಲಿ ಕೆಂಪು ಬಂತೆಂದು ಅಂದೇ ಔಷಧಿ ಶುರು ಮಾಡುವುದೂ, ಹಸಿರು ಬಂತೆಂದು ಮರೆತುಬಿಡುವುದೂ ಎರಡೂ ಆತುರವೇ.

ಮುಟ್ಟು ನಿಲ್ಲುವುದಕ್ಕೂ ಮೂಳೆಗೂ ಏನು ನಂಟು? ಮೂಳೆ ಒಮ್ಮೆ ಬೆಳೆದು ನಿಂತುಬಿಡುವ ವಸ್ತುವಲ್ಲ. ಹಳೆಯ ಮನೆಯ ದುರಸ್ತಿಯಂತೆ ಅಲ್ಲಿ ಸದಾ ಎರಡು ತಂಡ ಕೆಲಸ ಮಾಡುತ್ತಿರುತ್ತವೆ: ಸವೆದ ಗೋಡೆ ಒಡೆಯುವವರು, ಹೊಸದಾಗಿ ಕಟ್ಟುವವರು. ಒಡೆಯುವವರನ್ನು ಅಂಕೆಯಲ್ಲಿಡುವ ಮೇಸ್ತ್ರಿ ಈಸ್ಟ್ರೊಜೆನ್ ಎಂಬ ಹಾರ್ಮೋನು. ಮುಟ್ಟು ನಿಂತಾಗ ಅದರ ಮಟ್ಟ ಕುಸಿಯುತ್ತದೆ. ಒಡೆಯುವ ಕೆಲಸ ಜೋರಾಗುತ್ತದೆ, ಕಟ್ಟುವವರಿಗೆ ಅದರ ವೇಗಕ್ಕೆ ಹೊಂದಿಕೊಳ್ಳಲು ಆಗುವುದಿಲ್ಲ. ಮೊದಲ ಐದಾರು ವರ್ಷ ಬೆನ್ನುಮೂಳೆಯ ಸಾಂದ್ರತೆ ವರ್ಷಕ್ಕೆ ಶೇ. 2ರ ಆಸುಪಾಸು ಇಳಿಯುವುದು ಸಾಮಾನ್ಯ, ಆಮೇಲೆ ವೇಗ ತಗ್ಗುತ್ತದೆ. ಒಳಗೆ ಜಾಲರಿಯಂತಿರುವ ಮೂಳೆಗೆ ಮೊದಲ ಪೆಟ್ಟು. ಅದಕ್ಕೇ ಐವತ್ತರ ಹರೆಯದಲ್ಲಿ ಜಾರಿ ಬಿದ್ದು ಕೈ ಊರಿದಾಗ ಮಣಿಕಟ್ಟು ಮುರಿಯುತ್ತದೆ, ಆಮೇಲೆ ಬೆನ್ನುಮೂಳೆಯ ಬಿಲ್ಲೆಗಳು ಕುಸಿಯುತ್ತವೆ, ಎಪ್ಪತ್ತರ ನಂತರ ಸೊಂಟದ ಸರದಿ.

ಕ್ಯಾಲ್ಸಿಯಂ ಈ ಮೇಸ್ತ್ರಿಯ ಜಾಗ ತುಂಬುವುದಿಲ್ಲ. ಅದು ತಡೆಯುವುದು ಇನ್ನೊಂದು ನಷ್ಟವನ್ನು. ದೇಹದ ಕ್ಯಾಲ್ಸಿಯಂನಲ್ಲಿ ಶೇ. 99ರಷ್ಟು ಮೂಳೆ ಮತ್ತು ಹಲ್ಲಿನಲ್ಲೇ ಇದೆ. ಉಳಿದ ಚೂರು ರಕ್ತ ಮತ್ತು ಮಾಂಸಖಂಡಗಳಲ್ಲಿದ್ದು ಹೃದಯದ ಬಡಿತಕ್ಕೆ, ನರಗಳಿಗೆ ಬೇಕೇ ಬೇಕು. ಊಟದಲ್ಲಿ ಸಾಲದಾದರೆ ಕುತ್ತಿಗೆಯಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳು ಮೂಳೆಯಿಂದ ತೆಗೆದು ರಕ್ತಕ್ಕೆ ಕೊಡುವ ಏರ್ಪಾಡು ಮಾಡುತ್ತವೆ. ಆದ್ದರಿಂದಲೇ ರಕ್ತಪರೀಕ್ಷೆಯಲ್ಲಿ ಕ್ಯಾಲ್ಸಿಯಂ ಸರಿಯಾಗಿದೆ ಎಂದು ಬಂದರೆ ಮೂಳೆಯೂ ಸರಿಯಾಗಿದೆ ಎಂದರ್ಥವಲ್ಲ. ಮೂಳೆಯನ್ನು ಕರಗಿಸಿಯೇ ಆ ಅಂಕಿ ಸರಿ ಉಳಿದಿರಬಹುದು.

ಮುಟ್ಟು ನಿಂತವರಿಗೆ ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೆಂಬುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸು. ಇದು ಔಷಧಿಯ ಪ್ರಮಾಣ ಅಲ್ಲ, ಊಟ ಮತ್ತು ಮಾತ್ರೆ ಎರಡೂ ಸೇರಿದ ಒಟ್ಟು ಲೆಕ್ಕ. ನಮ್ಮ ತುಮಕೂರಿನ ತಾಯಿಯ ಒಂದು ದಿನವನ್ನು ಕೂಡಿಸಿ ನೋಡಬಹುದು. ಬೆಳಗಿನ ಕಾಫಿಗೆ ನೂರು ಎಂಎಲ್ ಹಾಲು, 120 ಮಿಲಿಗ್ರಾಂ. ಇಡ್ಲಿ, ಚಟ್ನಿ, 40. ಮಧ್ಯಾಹ್ನ ಅನ್ನ, ಹುಳಿ, ಪಲ್ಯ, 60. ನೀರುಮಜ್ಜಿಗೆಯ ಒಂದು ಲೋಟಕ್ಕೆ ಇನ್ನೊಂದು 60. ಸಂಜೆಯ ಟೀಗೆ 60, ರಾತ್ರಿಯ ಅನ್ನ-ಸಾರಿಗೆ 50. ಎಲ್ಲ ಸೇರಿ 390. ಹೊಟ್ಟೆ ತುಂಬಿದೆ, ಬೇಕಾದ ಕ್ಯಾಲ್ಸಿಯಂನಲ್ಲಿ ಮೂರನೇ ಒಂದು ಭಾಗ ಮಾತ್ರ ಸಂದಿದೆ.

ಊರಿನಲ್ಲಿದ್ದಾಗ ಅವರು ದಿನಾ ಮುದ್ದೆ ಉಣ್ಣುತ್ತಿದ್ದರು. ಮೊಮ್ಮಕ್ಕಳಿಗೆ ಸೇರದು ಎಂದು ಇಲ್ಲಿ ಅದು ವಾರಕ್ಕೊಮ್ಮೆಗೆ ಇಳಿದಿದೆ. ಅಕ್ಕಿಯಲ್ಲಾಗಲೀ ಗೋಧಿಯಲ್ಲಾಗಲೀ ಇಲ್ಲದಷ್ಟು ಕ್ಯಾಲ್ಸಿಯಂ ರಾಗಿಯಲ್ಲಿದೆ: ನೂರು ಗ್ರಾಂ ಹಿಟ್ಟಿಗೆ ಸುಮಾರು 350 ಮಿಲಿಗ್ರಾಂ. ಎಂಬತ್ತು ಗ್ರಾಂ ಹಿಟ್ಟಿನ ಒಂದು ಮುದ್ದೆ ಎಂದರೆ ಹತ್ತಿರಹತ್ತಿರ 280. ಮಧ್ಯಾಹ್ನ ಒಂದು ಮುದ್ದೆ, ಕಾಫಿಯದ್ದಲ್ಲದೆ ಬೇರೆಯಾಗಿ ಒಂದು ದೊಡ್ಡ ಲೋಟ ಹಾಲು ಇಲ್ಲವೇ ಅಷ್ಟೇ ಗಟ್ಟಿ ಮೊಸರು, ಅದಕ್ಕೆ 240. ಸಿಪ್ಪೆ ತೆಗೆಯದ ಕರಿ ಎಳ್ಳಿನ ಪುಡಿ ಹತ್ತು ಗ್ರಾಂ, ಅಂದರೆ ಎರಡು ಚಮಚಕ್ಕಿಂತ ತುಸು ಹೆಚ್ಚು, ಅದಕ್ಕೆ 120. ಒಂದು ಹಿಡಿ ನುಗ್ಗೆ ಸೊಪ್ಪು ಹುಳಿಗೆ ಬಿದ್ದರೆ ಇನ್ನೊಂದು 90. ಲೆಕ್ಕ 1100 ದಾಟಿತು. ಕರಾವಳಿಯ ಮನೆಗಳಲ್ಲಿ ಮುಳ್ಳುಸಮೇತ ತಿನ್ನುವ ಸಣ್ಣ ಮೀನು, ಉದಾಹರಣೆಗೆ ಒಣ ಕೊಲ್ಲತರು, ಇದೇ ಕೆಲಸ ಮಾಡುತ್ತದೆ.

ಕಾಗದದ ಮೇಲಿನ ಲೆಕ್ಕವೆಲ್ಲ ಮೈಗೆ ಸೇರುವುದಿಲ್ಲ ಎಂಬುದನ್ನೂ ಹೇಳಬೇಕು. ಪಾಲಕ್ ಸೊಪ್ಪಿನ ಆಕ್ಸಲೇಟ್ ಅದರ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ, ಕರುಳಿಗೆ ದಕ್ಕುವುದು ನೂರರಲ್ಲಿ ಐದು ಪಾಲಿನಷ್ಟು. ಹರಿವೆ, ದಂಟಿನ ಸೊಪ್ಪಿನಲ್ಲೂ ಆಕ್ಸಲೇಟ್ ಇದೆ. ರಾಗಿಯಲ್ಲಿ ಫೈಟೇಟ್ ಎಂಬ ಇನ್ನೊಂದು ಅಡ್ಡಿ. ರಾಗಿಯನ್ನು ನೆನೆಸಿ ಮೊಳಕೆ ಕಟ್ಟಿ ಒಣಗಿಸಿ ಬೀಸಿದರೆ ಅದು ಕಡಿಮೆಯಾಗುತ್ತದೆ. ಮಗುವಿನ ಸರಿ ಹಿಟ್ಟಿಗೆ ಅಜ್ಜಿಯರು ಮಾಡುತ್ತಿದ್ದ ಕೆಲಸ ಅಜ್ಜಿಯರ ಮೂಳೆಗೂ ಆಗಿಬರುತ್ತದೆ. ಇನ್ನು ಎಲೆ-ಅಡಿಕೆ ಹಾಕುವವರು ಸುಣ್ಣದಿಂದ ಕ್ಯಾಲ್ಸಿಯಂ ಸಿಗುತ್ತದಲ್ಲ ಎನ್ನುವುದುಂಟು. ಸುಣ್ಣದಲ್ಲಿ ಕ್ಯಾಲ್ಸಿಯಂ ಇರುವುದು ನಿಜ. ಅದರ ಜೊತೆಗೆ ಬಾಯಿಗೆ ಹೋಗುವ ಅಡಿಕೆ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹೇಳಿರುವುದೂ ಅಷ್ಟೇ ನಿಜ.

ಊಟದಲ್ಲಿ ಇಷ್ಟು ಸಿಗುವವರಿಗೆ ಮಾತ್ರೆ ಬೇಕಾಗಲಿಕ್ಕಿಲ್ಲ. ಹಾಲು-ಮೊಸರು ಒಗ್ಗದವರಿಗೆ, ಊಟ ತೀರಾ ಕಡಿಮೆ ಇರುವವರಿಗೆ ಬೇಕಾಗಬಹುದು. ಆಗ ಡಬ್ಬಿಯ ಮೇಲಿನ ಸಣ್ಣ ಅಕ್ಷರ ಓದಬೇಕು. ಸಾಮಾನ್ಯವಾಗಿ ಸಿಗುವ ಕ್ಯಾಲ್ಸಿಯಂ ಕಾರ್ಬೊನೇಟ್ ಮಾತ್ರೆಯಲ್ಲಿ 1250 ಮಿಲಿಗ್ರಾಂ ಎಂದಿದ್ದರೆ ಅದರೊಳಗಿನ ಅಸಲು ಕ್ಯಾಲ್ಸಿಯಂ 500 ಮಾತ್ರ. ಕರುಳು ಒಂದು ಸಲಕ್ಕೆ ಚೆನ್ನಾಗಿ ಹೀರುವುದೂ ಸುಮಾರು ಅಷ್ಟನ್ನೇ. ಆದ್ದರಿಂದ ಎರಡು ಮಾತ್ರೆಯನ್ನು ಒಟ್ಟಿಗೆ ನುಂಗಿ ಪ್ರಯೋಜನವಿಲ್ಲ. ಕಾರ್ಬೊನೇಟ್ ಕರಗಲು ಹೊಟ್ಟೆಯ ಆಮ್ಲ ಬೇಕು, ಹಾಗಾಗಿ ಊಟದ ಜೊತೆ ಅಥವಾ ಊಟ ಮುಗಿದ ಕೂಡಲೇ ತೆಗೆದುಕೊಳ್ಳಬೇಕು. ಗ್ಯಾಸ್ಟ್ರಿಕ್‌ಗೆಂದು ದಿನಾ ಆಮ್ಲ ತಗ್ಗಿಸುವ ಮಾತ್ರೆ ನುಂಗುವವರಿಗೆ ಸಿಟ್ರೇಟ್ ರೂಪದ ಕ್ಯಾಲ್ಸಿಯಂ ಒಳ್ಳೆಯದು, ಅದಕ್ಕೆ ಊಟದ ಹಂಗಿಲ್ಲ. ತುಂಬಾ ಮನೆಗಳಲ್ಲಿ ಆಗುವ ಎಡವಟ್ಟು ಇನ್ನೊಂದಿದೆ: ಬೆಳಿಗ್ಗೆ ಥೈರಾಯ್ಡ್ ಮಾತ್ರೆ, ಅದರ ಹಿಂದೆಯೇ ಕ್ಯಾಲ್ಸಿಯಂ. ಎರಡರ ನಡುವೆ ನಾಲ್ಕು ಗಂಟೆ ಅಂತರವಿರದಿದ್ದರೆ ಥೈರಾಯ್ಡ್ ಔಷಧಿ ಕೆಲಸ ಮಾಡುವುದು ಕಡಿಮೆಯಾಗುತ್ತದೆ, ವೈದ್ಯರು ಕಾರಣ ತಿಳಿಯದೆ ಡೋಸ್ ಏರಿಸುತ್ತಾರೆ.

ಹೆಚ್ಚು ತಿಂದಷ್ಟೂ ಮೂಳೆ ಗಟ್ಟಿ ಎಂಬ ಲೆಕ್ಕವೂ ನಿಲ್ಲುವುದಿಲ್ಲ. ಅಮೆರಿಕದಲ್ಲಿ ಮುಟ್ಟು ನಿಂತ 36 ಸಾವಿರಕ್ಕೂ ಹೆಚ್ಚು ಮಹಿಳೆಯರ ಮೇಲೆ ನಡೆದ ‘ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್’ ಪ್ರಯೋಗದ ಫಲಿತಾಂಶ 2006ರಲ್ಲಿ ಬಂತು. ಅರ್ಧದಷ್ಟು ಜನರಿಗೆ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಜೊತೆಗೆ 400 ಯೂನಿಟ್ ವಿಟಮಿನ್ ಡಿ, ಉಳಿದವರಿಗೆ ಬರೀ ಸಪ್ಪೆ ಮಾತ್ರೆ. ಕ್ಯಾಲ್ಸಿಯಂ ನುಂಗಿದವರ ಸೊಂಟದ ಮೂಳೆಯ ಸಾಂದ್ರತೆ ತುಸು ಏರಿತ್ತು, ಆದರೆ ಸೊಂಟ ಮುರಿಯುವುದು ಖಚಿತವಾಗಿ ತಗ್ಗಿದೆ ಎನ್ನುವಷ್ಟು ವ್ಯತ್ಯಾಸ ಕಾಣಲಿಲ್ಲ. ಮೂತ್ರಪಿಂಡದ ಕಲ್ಲು ಮಾತ್ರ ಶೇ. 17ರಷ್ಟು ಹೆಚ್ಚಿತ್ತು. ಕೊರತೆ ಇರುವಷ್ಟನ್ನು ಮಾತ್ರ ಮಾತ್ರೆಯಿಂದ ತುಂಬಿಸಿ ಎಂದು ವೈದ್ಯರು ಹೇಳುವುದು ಇದಕ್ಕೇ.

ತಿಂದ ಕ್ಯಾಲ್ಸಿಯಂ ರಕ್ತಕ್ಕೆ ಸೇರಲು ವಿಟಮಿನ್ ಡಿ ಬೇಕು. ಅದು ಸಾಕಷ್ಟಿದ್ದಾಗ ಕರುಳು ನೂರರಲ್ಲಿ ಮೂವತ್ತು-ನಲವತ್ತು ಪಾಲು ಹೀರುತ್ತದೆ, ಇಲ್ಲದಾಗ ಹತ್ತು-ಹದಿನೈದು. ಆ ವಿಟಮಿನ್ ತಯಾರಾಗುವುದು ಚರ್ಮದಲ್ಲಿ. ಬಿಸಿಲಿನಲ್ಲಿರುವ ಯುವಿ-ಬಿ ಕಿರಣ ತಗುಲಿದರೆ ಮಾತ್ರ. ಏಳು ಗಂಟೆಯ ಎಳೆಬಿಸಿಲು ಹಿತ ಹೌದು, ಆದರೆ ಸೂರ್ಯ ಇನ್ನೂ ಓರೆಯಾಗಿರುವ ಆ ಹೊತ್ತಿನಲ್ಲಿ ಯುವಿ-ಬಿ ಕಿರಣ ವಾತಾವರಣದ ದಪ್ಪ ಪದರದಲ್ಲೇ ಸೋಸಿಹೋಗಿರುತ್ತದೆ. ತಿರುಪತಿಯಲ್ಲಿ ಸಂಶೋಧಕರು ಚರ್ಮದಲ್ಲಿರುವ ಆ ಮೂಲವಸ್ತುವನ್ನೇ ಗಾಜಿನ ಪುಟ್ಟ ಕೊಳವೆಗಳಲ್ಲಿ ತುಂಬಿ ದಿನದ ಬೇರೆ ಬೇರೆ ಹೊತ್ತು ಬಿಸಿಲಿಗೆ ಇಟ್ಟು ನೋಡಿದ್ದರು. ಹೆಚ್ಚು ಪರಿವರ್ತನೆ ಕಂಡದ್ದು ಹನ್ನೊಂದರಿಂದ ಎರಡು ಗಂಟೆಯ ನಡುವೆ. ತಿರುಪತಿಯೂ ಬೆಂಗಳೂರೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ, ಆ ಫಲಿತಾಂಶವನ್ನು ಇಲ್ಲಿಗೂ ಅನ್ವಯಿಸಬಹುದು.

ಗಡಿಯಾರ ಬೇಡದ ಉಪಾಯವೊಂದಿದೆ. ಅಂಗಳದಲ್ಲಿ ನಿಂತಾಗ ನೆರಳು ತಮ್ಮ ಎತ್ತರಕ್ಕಿಂತ ಗಿಡ್ಡವಾಗಿದ್ದರೆ ಆ ಬಿಸಿಲು ಕೆಲಸಕ್ಕೆ ಬರುತ್ತದೆ, ಉದ್ದವಾಗಿದ್ದರೆ ಅಷ್ಟಾಗಿ ಇಲ್ಲ. ಬೆಂಗಳೂರಿನಲ್ಲಿ ಮಾರ್ಚ್ ಹೊತ್ತಿಗೆ ಇದು ಒಂಬತ್ತೂವರೆಯಿಂದ ಮೂರರವರೆಗೆ, ಡಿಸೆಂಬರಿನಲ್ಲಿ ಹತ್ತೂವರೆಯಿಂದ ಎರಡರವರೆಗೆ. ನಮ್ಮ ತಾಯಿಯ ಬಾಲ್ಕನಿಗೆ ಗಾಜಿನ ಕಿಟಕಿ ಕೂರಿಸಿದ್ದಾರೆ. ಗಾಜು ಬೆಳಕು, ಶಾಖ ಎರಡನ್ನೂ ಬಿಡುತ್ತದೆ, ಯುವಿ-ಬಿಯನ್ನು ಬಿಡುವುದಿಲ್ಲ. ಅವರು ವರ್ಷಗಟ್ಟಲೆ ಅಲ್ಲಿ ಕೂತರೂ ಚರ್ಮಕ್ಕೆ ಬೇಕಾದ್ದು ಸಿಕ್ಕಿಲ್ಲ. ಹನ್ನೊಂದರ ಹೊತ್ತಿಗೆ ತಾರಸಿಗೆ ಹೋಗಿ ಬಟ್ಟೆ ಒಣಹಾಕಿ, ತೋಳು, ಮುಂಗೈ, ಪಾದಕ್ಕೆ ಇಪ್ಪತ್ತು-ಮೂವತ್ತು ನಿಮಿಷ ನೇರ ಬಿಸಿಲು ಬೀಳುವಂತೆ ವಾರದಲ್ಲಿ ಹಲವು ದಿನ ಓಡಾಡಿದರೆ ಲೆಕ್ಕ ಬದಲಾಗುತ್ತದೆ. ಮೈಬಣ್ಣ ಕಪ್ಪಾದಷ್ಟೂ ಹೆಚ್ಚು ಹೊತ್ತು ಬೇಕು, ಚರ್ಮದ ಮೆಲನಿನ್ ಆ ಕಿರಣವನ್ನು ತಡೆಯುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ರಾಯಚೂರು, ಕಲಬುರಗಿಯ ನಡುಹಗಲಿನಲ್ಲಿ ಹೀಗೆ ನಿಲ್ಲುವುದು ಅಪಾಯ, ಅಲ್ಲಿ ಹತ್ತು ಗಂಟೆಯೊಳಗೇ ಮುಗಿಸಬೇಕು. ಮಲೆನಾಡಿನ ಮಳೆಗಾಲದಲ್ಲಿ ಬಿಸಿಲೇ ಇಲ್ಲ. ಲೂಪಸ್‌ನಂಥ ಕಾಯಿಲೆ ಇರುವವರು, ಬಿಸಿಲಿಗೆ ಮೈ ಕೆರಳಿಸುವ ಔಷಧಿ ತೆಗೆದುಕೊಳ್ಳುವವರು ಬಿಸಿಲನ್ನು ನಂಬಿಕೊಳ್ಳುವ ಹಾಗಿಲ್ಲ.

ಅಂಥವರಿಗೆ ಮತ್ತು ರಕ್ತಪರೀಕ್ಷೆಯಲ್ಲಿ ಕೊರತೆ ಕಂಡವರಿಗೆ ವಿಟಮಿನ್ ಡಿ ಪುಡಿಯ ಪೊಟ್ಟಣ ಬರೆದುಕೊಡುತ್ತಾರೆ. ಒಂದರಲ್ಲಿ 60,000 ಯೂನಿಟ್. ವಾರಕ್ಕೊಂದರಂತೆ ಎಂಟು ವಾರ, ಆಮೇಲೆ ತಿಂಗಳಿಗೊಂದು ಎಂಬುದು ಸಾಮಾನ್ಯ ಕ್ರಮ. ಎಂಟು ವಾರದ ನಂತರವೂ ಅದೇ ಚೀಟಿ ತೋರಿಸಿ ವಾರವಾರವೂ ಕುಡಿಯುತ್ತಾ ಹೋದರೆ ತೊಂದರೆ. ಈ ವಿಟಮಿನ್ ಕೊಬ್ಬಿನಲ್ಲಿ ಶೇಖರವಾಗುತ್ತದೆ. ಮಿತಿಮೀರಿದರೆ ರಕ್ತದ ಕ್ಯಾಲ್ಸಿಯಂ ಏರಿ ವಾಕರಿಕೆ, ಮಲಬದ್ಧತೆ, ತೀರದ ಬಾಯಾರಿಕೆ, ಪದೇಪದೇ ಮೂತ್ರ, ಮಂಕು ಕಾಣಿಸಿಕೊಂಡು ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ. ಒಂದೇ ಸಲಕ್ಕೆ ದೊಡ್ಡ ಡೋಸ್ ಕೊಟ್ಟು ಮುಗಿಸುವುದೂ ಜಾಣತನವಲ್ಲ. ಆಸ್ಟ್ರೇಲಿಯದಲ್ಲಿ ಎಪ್ಪತ್ತು ದಾಟಿದ ಮಹಿಳೆಯರಿಗೆ ವರ್ಷಕ್ಕೊಮ್ಮೆ 5 ಲಕ್ಷ ಯೂನಿಟ್ ಕೊಟ್ಟ ಪ್ರಯೋಗದ ಫಲಿತಾಂಶ 2010ರಲ್ಲಿ ಪ್ರಕಟವಾಯಿತು. ಡೋಸ್ ಪಡೆದವರು ಬೀಳುವುದೂ ಮೂಳೆ ಮುರಿದುಕೊಳ್ಳುವುದೂ ಕಡಿಮೆಯಾಗುವ ಬದಲು ಹೆಚ್ಚೇ ಆಗಿತ್ತು.

ಮೂರನೆಯದು ವ್ಯಾಯಾಮ. ‘ಬೆಳಗಿಂದ ಸಂಜೆವರೆಗೆ ಮನೆಕೆಲಸ ಮಾಡ್ತೀನಿ, ಇನ್ನೇನು ವ್ಯಾಯಾಮ?’ ಎಂಬ ಪ್ರಶ್ನೆ ಶಿಬಿರದಲ್ಲಿ ಬಂದೇ ಬರುತ್ತದೆ. ನ್ಯಾಯವಾದ ಪ್ರಶ್ನೆ. ಉತ್ತರ ಇರುವುದು ಮೂಳೆಯ ಸ್ವಭಾವದಲ್ಲಿ. ರೂಢಿಯಾದ ಭಾರಕ್ಕೆ ಮೂಳೆ ಕಿವಿಗೊಡುವುದಿಲ್ಲ, ಅದು ಎಷ್ಟು ಹೊತ್ತು ನಡೆದರೂ. ಅದು ಪ್ರತಿಕ್ರಿಯಿಸುವುದು ಎಂದಿಗಿಂತ ಹೆಚ್ಚಿನ ಭಾರ ಬಿದ್ದಾಗ, ಧಕ್ಕೆ ತಗುಲಿದಾಗ, ಅದೂ ಸ್ವಲ್ಪ ಹೊತ್ತು ಸಾಕು. ಸಂಜೆಯ ನಡಿಗೆ ಹೃದಯಕ್ಕೆ, ಸಕ್ಕರೆ ಕಾಯಿಲೆಗೆ ಒಳ್ಳೆಯದು, ಬೆನ್ನುಮೂಳೆಯ ಸಾಂದ್ರತೆಗೆ ಅದರಿಂದ ಹೆಚ್ಚೇನೂ ದಕ್ಕುವುದಿಲ್ಲ. ಈಜು, ಸೈಕಲ್ಲಿನದೂ ಇದೇ ಕಥೆ, ಅಲ್ಲಿ ಮೈಯ ಭಾರವನ್ನು ನೀರೋ ಸೀಟೋ ಹೊತ್ತಿರುತ್ತದೆ.

ಭಾರ ಎತ್ತುವುದೆಂದರೆ ವಯಸ್ಸಾದವರ ಮೂಳೆ ಮುರಿದೇ ಹೋಗುತ್ತದೆ ಎಂಬ ಭಯ ವೈದ್ಯರಿಗೂ ಇತ್ತು. ಆಸ್ಟ್ರೇಲಿಯದ ಗ್ರಿಫಿತ್ ವಿಶ್ವವಿದ್ಯಾಲಯದ ‘ಲಿಫ್ಟ್‌ಮೋರ್’ ಪ್ರಯೋಗ ಅದನ್ನು ಪರೀಕ್ಷಿಸಿತು. ಮೂಳೆ ಸಾಂದ್ರತೆ ಕಡಿಮೆಯಿದ್ದ, ಐವತ್ತೆಂಟು ದಾಟಿದ 101 ಮಹಿಳೆಯರು ಅದರಲ್ಲಿದ್ದರು. ಅವರಲ್ಲಿ ಒಂದು ಗುಂಪು ತರಬೇತುದಾರರ ಕಣ್ಣೆದುರು ವಾರಕ್ಕೆ ಎರಡು ದಿನ, ಅರ್ಧರ್ಧ ಗಂಟೆ, ಎಂಟು ತಿಂಗಳು ಅಭ್ಯಾಸ ಮಾಡಿತು. ನೆಲದಿಂದ ತೂಕ ಎತ್ತುವುದು, ತಲೆಯ ಮೇಲಕ್ಕೆ ಒಯ್ಯುವುದು, ತೂಕ ಹೊತ್ತು ಕುಕ್ಕರಿಸಿ ಏಳುವುದು, ಕಂಬಿ ಹಿಡಿದು ಮೇಲೆ ಹಾರಿ ನೆಲಕ್ಕೆ ಧಪ್ಪನೆ ಇಳಿಯುವುದು. ಮೊದಲು ಹಗುರ, ಕ್ರಮೇಣ ಒಂದು ಸಲಕ್ಕೆ ಮಾತ್ರ ಎತ್ತಲು ಆಗುವ ಗರಿಷ್ಠ ತೂಕದ ಶೇ. 85ಕ್ಕಿಂತಲೂ ಹೆಚ್ಚು. ಇನ್ನೊಂದು ಗುಂಪು ಮನೆಯಲ್ಲಿ ಹಗುರ ವ್ಯಾಯಾಮ ಮಾಡಿತು. 2018ರಲ್ಲಿ ಪ್ರಕಟವಾದ ಫಲಿತಾಂಶದಂತೆ ಭಾರ ಎತ್ತಿದವರ ಬೆನ್ನುಮೂಳೆಯ ಸಾಂದ್ರತೆ ಶೇ. 2.9ರಷ್ಟು ಏರಿತ್ತು, ಉಳಿದವರದು ಶೇ. 1.2ರಷ್ಟು ಇಳಿದಿತ್ತು. ಮೇಸ್ತ್ರಿ ಹೋದ ಮೇಲೂ ಕಟ್ಟುವವರನ್ನು ಎಬ್ಬಿಸಬಹುದು ಎಂದಾಯಿತು. ಆದರೆ ಈ ತೂಕವನ್ನು ಮನೆಯಲ್ಲಿ ಒಬ್ಬರೇ, ಮೊಬೈಲಿನ ವಿಡಿಯೊ ನೋಡಿ ಎತ್ತುವಂತಿಲ್ಲ. ಅದನ್ನು ಕಲಿಸಲು ಫಿಸಿಯೊಥೆರಪಿಸ್ಟ್ ಬೇಕು.

ತುಮಕೂರಿನ ತಾಯಿ ನಾಳೆಯಿಂದಲೇ ಶುರು ಮಾಡಬಹುದಾದದ್ದು ಇನ್ನೂ ಸರಳ. ಕೈ ಊರದೆ ಕುರ್ಚಿಯಿಂದ ಹತ್ತು ಸಲ ಏಳುವುದು. ಅದು ಸಲೀಸಾದ ಮೇಲೆ ಎದೆಗೆ ಎರಡು ಕಿಲೊ ರಾಗಿಹಿಟ್ಟಿನ ಪೊಟ್ಟಣ ಅವಚಿಕೊಂಡು, ಮುಂದೆ ಐದು ಕಿಲೊ. ಅಡುಗೆಕಟ್ಟೆ ಹಿಡಿದು ತುದಿಗಾಲಿನ ಮೇಲೆ ನಿಂತು ಹಿಮ್ಮಡಿಯನ್ನು ನೆಲಕ್ಕೆ ಧಪ್ಪೆಂದು ಬಿಡುವುದು ಹತ್ತಿಪ್ಪತ್ತು ಸಲ. ಗೋಡೆಗೆ ಅಂಗೈ ಕೊಟ್ಟು ದಂಡ. ಕಟ್ಟೆಯ ಪಕ್ಕದಲ್ಲೇ ಒಂಟಿಕಾಲಿನಲ್ಲಿ ಹತ್ತು ಸೆಕೆಂಡು ನಿಲ್ಲುವುದು. ಇದು ಮೂಳೆಗಲ್ಲ, ಬೀಳದಿರುವುದಕ್ಕೆ. ಮುಖ್ಯವಾದದ್ದು ಭಾರ ಏರುತ್ತಾ ಹೋಗಬೇಕು. ಅದೇ ಎರಡು ಕಿಲೊದಲ್ಲಿ ವರ್ಷ ಕಳೆದರೆ ಅದೂ ಮನೆಕೆಲಸದಂತೆ ರೂಢಿಯಾಗಿಬಿಡುತ್ತದೆ.

ಯೋಗ ತರಗತಿಗೆ ಹೋಗುವವರು ಕೇಳಲೇಬೇಕಾದ ವಿಷಯ ಒಂದಿದೆ. ಅಮೆರಿಕದ ಮೇಯೊ ಕ್ಲಿನಿಕ್‌ನ ವೈದ್ಯರು 1984ರಲ್ಲಿ, ಬೆನ್ನುಮೂಳೆ ಟೊಳ್ಳಾಗಿದ್ದ 59 ಮಹಿಳೆಯರ ಮೇಲಿನ ಅಧ್ಯಯನವೊಂದನ್ನು ಪ್ರಕಟಿಸಿದರು. ಬೆನ್ನನ್ನು ಹಿಂದಕ್ಕೆ ಬಾಗಿಸುವ ವ್ಯಾಯಾಮ ಮಾಡಿದವರಲ್ಲಿ ಶೇ. 16ರಷ್ಟು ಮಂದಿಗೆ ಹೊಸದಾಗಿ ಬೆನ್ನುಮೂಳೆಯ ಬಿಲ್ಲೆಗಳು ಕುಸಿದಿದ್ದವು. ಮುಂದಕ್ಕೆ ಬಾಗುವ ವ್ಯಾಯಾಮ ಮಾಡಿದವರಲ್ಲಿ ಅದು ಶೇ. 89. ಅಧ್ಯಯನ ಚಿಕ್ಕದು, ಆದರೆ ಅಂತರ ದೊಡ್ಡದು. ಆಸ್ಟಿಯೊಪೊರೋಸಿಸ್ ಇದೆ ಎಂದು ಗೊತ್ತಾದವರಿಗೆ ಪಶ್ಚಿಮೋತ್ತಾನಾಸನ, ಹಲಾಸನ, ನಿಂತು ಕಾಲ್ಬೆರಳು ಮುಟ್ಟುವುದು, ಬೆನ್ನು ತಿರುಚುವ ಆಸನಗಳು ಬೇಡ. ಹಗುರವಾಗಿ ಮಾಡಿದ ಭುಜಂಗಾಸನ ಆಗಬಹುದು. ನೆಲದ ಮೇಲಿನ ಬಕೆಟ್ ಎತ್ತುವಾಗಲೂ ಬೆನ್ನು ಬಾಗಿಸದೆ ಮಂಡಿ, ಸೊಂಟ ಮಡಿಸಬೇಕು.

ಇಷ್ಟೆಲ್ಲ ಆದ ಮೇಲೂ ಕೆಲವರಿಗೆ ಔಷಧಿಯೇ ಬೇಕು. ನಿಂತ ನಿಲುವಿನಿಂದ ಬಿದ್ದು ಮಣಿಕಟ್ಟು ಮುರಿದುಕೊಂಡವರು, ನಲವತ್ತೈದಕ್ಕೆ ಮುಂಚೆ ಮುಟ್ಟು ನಿಂತವರು ಅಥವಾ ಗರ್ಭಕೋಶದ ಜೊತೆ ಅಂಡಾಶಯಗಳನ್ನೂ ತೆಗೆಸಿಕೊಂಡವರು, ಕೀಲುವಾತಕ್ಕೋ ಅಸ್ತಮಾಕ್ಕೋ ತಿಂಗಳುಗಟ್ಟಲೆ ಸ್ಟೀರಾಯ್ಡ್ ನುಂಗಿದವರು, ತಾಯಿಯ ಸೊಂಟ ಮುರಿದಿದ್ದವರು ಅರವತ್ತೈದರವರೆಗೆ ಕಾಯದೆ ಡೆಕ್ಸಾ ಮಾಡಿಸಬೇಕು. ಎತ್ತರ ನಾಲ್ಕು ಸೆಂಟಿಮೀಟರ್ ಕುಗ್ಗಿದ್ದರೆ, ಹಿಂದೆ ಸರಿಯಾಗಿ ಉಡುತ್ತಿದ್ದ ಸೀರೆಯೇ ಈಗ ನೆಲಕ್ಕೆ ಎಳೆಯುತ್ತಿದ್ದರೆ, ಬೆನ್ನುಮೂಳೆಯ ಬಿಲ್ಲೆ ಆಗಲೇ ಕುಸಿದಿರಬಹುದು, ಎಕ್ಸ್‌ರೇ ಬೇಕು. ಸಾಮಾನ್ಯವಾಗಿ ಮೊದಲು ಕೊಡುವುದು ವಾರಕ್ಕೊಮ್ಮೆಯ ಅಲೆಂಡ್ರೊನೇಟ್ ಮಾತ್ರೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ದೊಡ್ಡ ಲೋಟ ಬರೀ ನೀರಿನ ಜೊತೆ ನುಂಗಿ ಅರ್ಧ ಗಂಟೆ ಮಲಗದೆ, ಕಾಫಿ ಕುಡಿಯದೆ ಇರಬೇಕು, ಇಲ್ಲದಿದ್ದರೆ ಅನ್ನನಾಳ ಸುಡುತ್ತದೆ ಅಥವಾ ಔಷಧಿ ಮೈಗೆ ಹತ್ತುವುದಿಲ್ಲ. ಕ್ಯಾಲ್ಸಿಯಂ ಮಾತ್ರೆ ಆ ದಿನ ಮಧ್ಯಾಹ್ನದ ಊಟಕ್ಕೆ. ಮುಂದಿನ ಡೆಕ್ಸಾ ಒಂದೆರಡು ವರ್ಷದ ಮೇಲೆ, ಆದಷ್ಟೂ ಮೊದಲು ಮಾಡಿಸಿದ ಯಂತ್ರದಲ್ಲೇ. ಬೇರೆ ಬೇರೆ ಯಂತ್ರದ ಅಂಕಿಗಳ ನಡುವಿನ ಸಣ್ಣ ವ್ಯತ್ಯಾಸ ಮೂಳೆಯದೋ ಯಂತ್ರದ್ದೋ ಎಂದು ಹೇಳಲಾಗುವುದಿಲ್ಲ.